ಒಂದು ಡಾಲರ್ ನಿಜಕ್ಕೂ ಎಷ್ಟಕ್ಕೆ ಬಿತ್ತು?

ಮಗಳು ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದಾಳೆ ಎಂದುಕೊಳ್ಳಿ. ಶುಲ್ಕದ ಕಂತು ಕಟ್ಟಬೇಕು. 5,000 ಡಾಲರ್. ಹಾಸನದಲ್ಲೋ ದಾವಣಗೆರೆಯಲ್ಲೋ ಇರುವ ತಂದೆ ಬೆಳಿಗ್ಗೆ ಪತ್ರಿಕೆ ನೋಡುತ್ತಾರೆ. ಡಾಲರಿಗೆ 90 ರೂಪಾಯಿ ಎಂದಿದೆ. ಐದು ಸಾವಿರ ಡಾಲರಿಗೆ ನಾಲ್ಕೂವರೆ ಲಕ್ಷ. ಅಷ್ಟು ಹಣ ಖಾತೆಯಲ್ಲಿದೆ, ಮೇಲೆ ಐದಾರು ಸಾವಿರ ಇದ್ದರೆ ಸಾಕು ಎಂದುಕೊಂಡು ಬ್ಯಾಂಕಿಗೆ ಹೋಗುತ್ತಾರೆ. ಖಾತೆಯಿಂದ ಹೋಗುವುದು ನಾಲ್ಕು ಲಕ್ಷ ಅರವತ್ತು ಸಾವಿರದ ಹತ್ತಿರ. ಅದೂ ಇರಲಿ. ನಾಲ್ಕು ದಿನ ಬಿಟ್ಟು ಮಗಳು ಫೋನ್ ಮಾಡುತ್ತಾಳೆ. "ಅಪ್ಪಾ, ಕಾಲೇಜಿಗೆ 4,980 ಡಾಲರ್ ಮಾತ್ರ ಬಂದಿದೆ. ಇನ್ನೂ 20 ಡಾಲರ್ ಬಾಕಿ ತೋರಿಸ್ತಿದೆ" ಎನ್ನುತ್ತಾಳೆ.

ಆ ತಂದೆಗೆ ಒಂದು ಡಾಲರ್ ಎಷ್ಟಕ್ಕೆ ಬಿತ್ತು? ಪತ್ರಿಕೆಯ 90 ರೂಪಾಯಿಗಂತೂ ಅಲ್ಲ. ಬ್ಯಾಂಕಿನವರು ಬಾಯಲ್ಲಿ ಹೇಳಿದ ದರಕ್ಕೂ ಅಲ್ಲ. ಹಾಗಾದರೆ ಎಷ್ಟಕ್ಕೆ? ಇವತ್ತಿನ ಮಾತು ಈ ಒಂದು ಪ್ರಶ್ನೆಯ ಮೇಲೆಯೇ. ವಿದೇಶಿ ವಿನಿಮಯದ ಕೌಂಟರಿನ ಆಚೆ ಬದಿಯಲ್ಲಿ ಕೂತು ಕೆಲಸ ಮಾಡಿದವನು ನಾನು. ಎಷ್ಟೋ ಮನೆಗಳವರು ಸಾಲ ಮಾಡಿ, ಜಮೀನು ಅಡವಿಟ್ಟು ಹೊಂದಿಸಿದ ಹಣ ಈ ಲೆಕ್ಕ ಗೊತ್ತಿಲ್ಲದೆ ಸೋರಿ ಹೋಗುವುದನ್ನು ನೋಡಿದ್ದೇನೆ. ಹತ್ತಿರದಲ್ಲಿ ಕಾಗದ, ಪೆನ್ನು ಇದ್ದರೆ ಇಟ್ಟುಕೊಳ್ಳಿ. ಅಂಕಿಗಳು ಹೆಚ್ಚಿಲ್ಲ. ಇರುವಷ್ಟನ್ನೂ ನಿಧಾನವಾಗಿ ಹೇಳುತ್ತೇನೆ.

ಮೊದಲು ಪತ್ರಿಕೆಯಲ್ಲಿ ಕಾಣುವ ಆ 90 ರೂಪಾಯಿಯ ವಿಷಯ. ಅದು ಬ್ಯಾಂಕುಗಳು ತಮ್ಮತಮ್ಮೊಳಗೆ ಕೋಟಿಗಟ್ಟಲೆ ಡಾಲರ್ ಕೊಂಡು ಮಾರುವ ಪೇಟೆಯ ದರ. ಕೊಳ್ಳುವವರ ದರ, ಮಾರುವವರ ದರ, ಇವೆರಡರ ನಡುವೆ ಇರುವ ಅಂಕಿ. ಫೋನಿನಲ್ಲಿ ಹುಡುಕಿದರೆ ಸಿಗುವುದೂ ಸಾಮಾನ್ಯವಾಗಿ ಇದೇ. ನಮ್ಮ ದೇಶದಲ್ಲಿ ಇದಕ್ಕೆ ಅಧಿಕೃತವಾದ ಒಂದು ಅಳತೆಯೂ ಇದೆ. ಅದನ್ನು ರೆಫರೆನ್ಸ್ ದರ ಎನ್ನುತ್ತಾರೆ. ಮೊದಲು ಇದನ್ನು ರಿಸರ್ವ್ ಬ್ಯಾಂಕ್ ಪ್ರಕಟಿಸುತ್ತಿತ್ತು. 2018ರ ಜುಲೈನಿಂದ ಎಫ್‌ಬಿಐಎಲ್ ಎಂಬ ಸಂಸ್ಥೆ ಪ್ರಕಟಿಸುತ್ತಿದೆ. ಕೆಲಸದ ದಿನಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಡಾಲರ್, ಪೌಂಡ್, ಯೂರೋ, ಯೆನ್‌ಗಳ ದರ ಅಲ್ಲಿ ಸಿಗುತ್ತದೆ.

ಆದರೆ ಈ ದರಕ್ಕೆ ನಿಮಗೆ ಯಾರೂ ಡಾಲರ್ ಕೊಡುವುದಿಲ್ಲ. ಬ್ಯಾಂಕು ಪೇಟೆಯಲ್ಲಿ ಕೊಂಡು ನಿಮಗೆ ಮಾರುತ್ತದೆ. ಮಾರುವಾಗ ತನ್ನ ಪಾಲು ಸೇರಿಸುತ್ತದೆ. ಈ ಪಾಲಿಗೆ ಬ್ಯಾಂಕಿನವರು ಮಾರ್ಜಿನ್ ಎನ್ನುತ್ತಾರೆ. ಮಾರ್ಜಿನ್ ಇರುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ನ್ಯೂಯಾರ್ಕಿನಲ್ಲಿ ಖಾತೆ ಇಟ್ಟುಕೊಂಡು, ಅದರಲ್ಲಿ ಡಾಲರ್ ತುಂಬಿಸಿಟ್ಟು, ಗಳಿಗೆಗಳಿಗೆಗೂ ದರ ಏರಿಳಿಯುವ ಅಪಾಯ ಹೊತ್ತು ಕೂರುವುದಕ್ಕೆ ಖರ್ಚಿದೆ. ನನ್ನ ತಕರಾರು ಬೇರೆ. ಕಮಿಷನ್ ತೆಗೆದುಕೊಂಡರೆ ಅದು ರಸೀದಿಯಲ್ಲಿ ಬೇರೆ ಸಾಲಿನಲ್ಲಿ ಬರುತ್ತದೆ. ಮಾರ್ಜಿನ್ ಹಾಗೆ ಬೇರೆಯಾಗಿ ಬರುವುದಿಲ್ಲ. ಅದು ದರದೊಳಗೇ ಸೇರಿಹೋಗಿರುತ್ತದೆ. ರಸೀದಿಯಲ್ಲಿ "ದರ 91 ರೂಪಾಯಿ 80 ಪೈಸೆ" ಎಂದಷ್ಟೇ ಇರುತ್ತದೆ. ಅದರಲ್ಲಿ 1 ರೂಪಾಯಿ 80 ಪೈಸೆ ಬ್ಯಾಂಕಿನ ಪಾಲು ಎಂದು ಎಲ್ಲಿಯೂ ಬರೆದಿರುವುದಿಲ್ಲ. ಅದೇ ಗಳಿಗೆಯಲ್ಲಿ ಪೇಟೆಯ ದರ ಎಷ್ಟಿತ್ತು ಎಂದು ನೀವು ಬೇರೆಯಾಗಿ ನೋಡಿಕೊಂಡರೆ ಮಾತ್ರ ಅದು ತಿಳಿಯುತ್ತದೆ.

ಬ್ಯಾಂಕುಗಳು ಬೆಳಿಗ್ಗೆ ಒಂದು ದರಪಟ್ಟಿ ಹೊರಡಿಸುತ್ತವೆ. ಕಾರ್ಡ್ ರೇಟ್ ಎಂದು ಕರೆಯುತ್ತಾರೆ. ಅದರಲ್ಲಿ ಒಂದೊಂದು ನಾಣ್ಯಕ್ಕೂ ನಾಲ್ಕೈದು ದರಗಳು ಅಕ್ಕಪಕ್ಕ ಇರುತ್ತವೆ. ನೋಟು ಕೊಳ್ಳುವುದಕ್ಕೆ ಒಂದು, ಪ್ರಯಾಣದ ಕಾರ್ಡಿಗೆ ಒಂದು, ಹೊರಗಿನಿಂದ ಬಂದ ಹಣಕ್ಕೆ ಒಂದು. ಹಣ ಹೊರದೇಶಕ್ಕೆ ಕಳುಹಿಸುವವರು ನೋಡಬೇಕಾದದ್ದು ಟಿಟಿ ಸೆಲ್ಲಿಂಗ್ ಎಂಬ ಕಂಬಸಾಲನ್ನು. ಬೇರೆ ಸಾಲು ನೋಡಿಕೊಂಡು ಬಂದು "ನಿಮ್ಮಲ್ಲಿ ಕಡಿಮೆ ಇತ್ತಲ್ಲ" ಎಂದು ವಾದಿಸಿದರೆ ಪ್ರಯೋಜನವಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಪತ್ರಿಕೆಯಲ್ಲಿ ಕಾಣುವುದು ಪೇಟೆಯ ದರ. ಅದರ ಮೇಲೆ ಬ್ಯಾಂಕು ಮಾರ್ಜಿನ್ ಸೇರಿಸುತ್ತದೆ. ಆ ಮಾರ್ಜಿನ್ ದರದೊಳಗೇ ಅಡಗಿರುತ್ತದೆ.

ಈಗ ಕಣ್ಣಿಗೆ ಕಾಣುವ ಖರ್ಚುಗಳಿಗೆ ಬರೋಣ. ಒಂದು, ಬ್ಯಾಂಕಿನ ಕಮಿಷನ್. ಕೆಲವರು ಐನೂರು, ಸಾವಿರ ಎಂದು ನಿಗದಿಯಾಗಿ ತೆಗೆದುಕೊಳ್ಳುತ್ತಾರೆ. ಕೆಲವರು ಶುಲ್ಕವೇ ಇಲ್ಲ ಎನ್ನುತ್ತಾರೆ. ಕಮಿಷನ್ನಿನ ಮೇಲೆ ಶೇಕಡಾ 18 ಜಿಎಸ್‌ಟಿ. ಎರಡನೆಯದು, ರೂಪಾಯಿಯನ್ನು ಡಾಲರ್ ಮಾಡಿದ್ದಕ್ಕೇ ಬೀಳುವ ಜಿಎಸ್‌ಟಿ. ಇದು ಬೇರೆ. ಇದು ಪೂರ್ತಿ ಮೊತ್ತದ ಮೇಲೆ ಶೇಕಡಾ 18 ಅಲ್ಲ, ಗಾಬರಿಯಾಗಬೇಡಿ. ಸರ್ಕಾರದ ನಿಯಮದಲ್ಲಿ ಇದಕ್ಕೊಂದು ಸೂತ್ರವಿದೆ. ಒಂದು ಲಕ್ಷ ರೂಪಾಯಿ ಬದಲಿಸಿದರೆ ಸುಮಾರು 180 ರೂಪಾಯಿ. ನಾಲ್ಕೂವರೆ ಲಕ್ಷಕ್ಕೆ ಸುಮಾರು 500. ಎಷ್ಟೇ ಸಣ್ಣ ಮೊತ್ತವಾದರೂ 45 ರೂಪಾಯಿಗಿಂತ ಕಡಿಮೆ ಇಲ್ಲ. ಇದು ಯಾವ ಬ್ಯಾಂಕಿಗೆ ಹೋದರೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಇದರ ಬಗ್ಗೆ ಚೌಕಾಸಿ ಮಾಡಿ ಹೊತ್ತು ಕಳೆಯಬೇಕಾಗಿಲ್ಲ.

ಮೂರನೆಯ ಖರ್ಚು ನಮ್ಮ ರಸೀದಿಯಲ್ಲಿ ಬರುವುದೇ ಇಲ್ಲ. ಏಕೆಂದರೆ ಅದು ದಾರಿಯಲ್ಲಿ ಆಗುತ್ತದೆ. ಹಾಸನದ ಶಾಖೆಗೂ ಅಮೆರಿಕದ ಕಾಲೇಜಿನ ಬ್ಯಾಂಕಿಗೂ ನೇರ ಸಂಬಂಧ ಇರುವುದಿಲ್ಲ. ನಮ್ಮ ಬ್ಯಾಂಕಿನ ಮುಖ್ಯ ಕಚೇರಿ ನ್ಯೂಯಾರ್ಕಿನ ಯಾವುದೋ ಬ್ಯಾಂಕಿನಲ್ಲಿ ಡಾಲರ್ ಖಾತೆ ಇಟ್ಟಿರುತ್ತದೆ. ಸ್ವಿಫ್ಟ್ ಎಂಬ ಸಂದೇಶ ಜಾಲದ ಮೂಲಕ ಅಲ್ಲಿಗೆ ಆದೇಶ ಹೋಗುತ್ತದೆ. "ನಮ್ಮ ಖಾತೆಯಿಂದ ಇಷ್ಟು ತೆಗೆದು ಇಂಥ ಕಾಲೇಜಿಗೆ ಕೊಡಿ" ಎಂದು. ಆ ನಡುವಿನ ಬ್ಯಾಂಕು ತನ್ನ ಕೂಲಿಯನ್ನು ಆ ಡಾಲರಿನಲ್ಲೇ ಮುರಿದುಕೊಳ್ಳುತ್ತದೆ. ಹತ್ತರಿಂದ ಮೂವತ್ತು ಡಾಲರ್ ಹೋಗುವುದು ಸಾಮಾನ್ಯ. ಒಮ್ಮೊಮ್ಮೆ ದಾರಿಯಲ್ಲಿ ಇಂಥ ಎರಡು ಬ್ಯಾಂಕುಗಳು ಬರುತ್ತವೆ. ಆ ತಂದೆಯ 20 ಡಾಲರ್ ಹೋದದ್ದು ಇಲ್ಲಿ.

ಇದನ್ನು ತಡೆಯುವ ದಾರಿ ಅರ್ಜಿಯಲ್ಲೇ ಇದೆ. ಹಣ ಕಳುಹಿಸುವ ಅರ್ಜಿಯಲ್ಲಿ ವಿದೇಶಿ ಬ್ಯಾಂಕಿನ ಖರ್ಚು ಯಾರದು ಎಂದು ಒಂದು ಕಡೆ ಕೇಳಿರುತ್ತದೆ. ಅಲ್ಲಿ ಮೂರು ಗುರುತುಗಳಿರುತ್ತವೆ. OUR ಎಂದರೆ ಎಲ್ಲ ಖರ್ಚೂ ಕಳುಹಿಸುವವರದು. SHA ಎಂದರೆ ಇಲ್ಲಿನ ಖರ್ಚು ನಮ್ಮದು, ದಾರಿಯ ಖರ್ಚು ತಲುಪುವ ಹಣದಲ್ಲಿ ಕಡಿತ. BEN ಎಂದರೆ ಎಲ್ಲವೂ ತಲುಪುವ ಹಣದಲ್ಲೇ ಕಡಿತ. ಏನನ್ನೂ ಗುರುತು ಹಾಕದೆ ಬಿಟ್ಟರೆ ಹೆಚ್ಚಾಗಿ SHA ಎಂದೇ ಹೋಗುತ್ತದೆ. ಕಾಲೇಜಿನ ಶುಲ್ಕಕ್ಕೆ, ಮನೆ ಬಾಡಿಗೆಯ ಮುಂಗಡಕ್ಕೆ, ವೀಸಾಕ್ಕೆ ಬೇಕಾದ ಠೇವಣಿಗೆ, ಹೀಗೆ ಎಲ್ಲಿ ಪೂರ್ತಿ ಮೊತ್ತ ತಲುಪಲೇಬೇಕೋ ಅಲ್ಲೆಲ್ಲ OUR ಎಂದು ಗುರುತು ಹಾಕಿ. ಇದಕ್ಕೆ ಇಲ್ಲಿ ಸಾವಿರವೋ ಎರಡು ಸಾವಿರವೋ ಹೆಚ್ಚು ಕೇಳುತ್ತಾರೆ. ಕೊಡಿ. ಆದರೆ ಒಂದು ಮಾತು ಕೇಳಿಕೊಂಡು ಕೊಡಿ. "ಪೂರ್ತಿ ಮೊತ್ತ ತಲುಪುವ ಖಾತರಿ ಇದೆಯೇ?" ಎಂದು. ಅಮೆರಿಕದಲ್ಲಿ OUR ಎಂದು ಕಳುಹಿಸಿದರೂ ಕೊನೆಯ ಬ್ಯಾಂಕು ತನ್ನ ಶುಲ್ಕ ಮುರಿದುಕೊಳ್ಳುವುದುಂಟು. ಖಾತರಿ ಕೊಡುವ ಏರ್ಪಾಡು ಬೇರೆಯಾಗಿ ಇರುವ ಬ್ಯಾಂಕುಗಳೂ ಇವೆ.

ಹಾಗಾದರೆ ಖರ್ಚು ಮೂರು ಜಾಗದಲ್ಲಿ ಇದೆ ಎಂದಾಯಿತು. ದರದೊಳಗಿನ ಮಾರ್ಜಿನ್. ರಸೀದಿಯ ಮೇಲಿನ ಕಮಿಷನ್ ಮತ್ತು ಜಿಎಸ್‌ಟಿ. ದಾರಿಯಲ್ಲಿನ ಕಡಿತ. ಇವು ಮೂರೂ ಬೇರೆಬೇರೆ ರೂಪದಲ್ಲಿವೆ. ಒಂದು ಪೈಸೆಯ ಲೆಕ್ಕ, ಒಂದು ರೂಪಾಯಿಯ ಲೆಕ್ಕ, ಒಂದು ಡಾಲರಿನ ಲೆಕ್ಕ. ಹೋಲಿಸುವುದು ಹೇಗೆ?

ಒಂದೇ ಒಂದು ಭಾಗಾಕಾರ ಸಾಕು. ನಿಮ್ಮ ಖಾತೆಯಿಂದ ಹೋದ ಒಟ್ಟು ರೂಪಾಯಿ ಬರೆದುಕೊಳ್ಳಿ. ಅದನ್ನು ಆಚೆ ಕಡೆ ನಿಜವಾಗಿ ಜಮೆಯಾದ ಡಾಲರಿನಿಂದ ಭಾಗಿಸಿ. ಬಂದದ್ದೇ ನಿಮಗೆ ಡಾಲರ್ ಬಿದ್ದ ದರ. ಬ್ಯಾಂಕಿನವರು ಇದನ್ನು ಎಫೆಕ್ಟಿವ್ ರೇಟ್ ಎನ್ನುತ್ತಾರೆ. ನಾವು ನಿವ್ವಳ ದರ ಎನ್ನೋಣ. ಮತ್ತೊಮ್ಮೆ ಹೇಳುತ್ತೇನೆ. ಹೋದ ಒಟ್ಟು ರೂಪಾಯಿ, ಭಾಗಿಸು, ತಲುಪಿದ ಡಾಲರ್. ಕಳುಹಿಸಿದ ಡಾಲರ್ ಅಲ್ಲ, ತಲುಪಿದ ಡಾಲರ್.

ಈಗ ಎರಡು ಬ್ಯಾಂಕುಗಳನ್ನು ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕಕ್ಕೆಂದು ನಾನು ಆರಿಸಿಕೊಂಡವು. ಪೇಟೆಯ ದರ 90 ರೂಪಾಯಿ. ಕಳುಹಿಸಬೇಕಾದದ್ದು 5,000 ಡಾಲರ್.

ಮೊದಲನೆಯ ಬ್ಯಾಂಕು "ನಮ್ಮಲ್ಲಿ ಶುಲ್ಕವೇ ಇಲ್ಲ" ಎನ್ನುತ್ತದೆ. ದರ 91 ರೂಪಾಯಿ 80 ಪೈಸೆ. ಐದು ಸಾವಿರ ಡಾಲರಿಗೆ 4,59,000 ರೂಪಾಯಿ. ಜಿಎಸ್‌ಟಿ ಸುಮಾರು 500. ಒಟ್ಟು 4,59,500. ದಾರಿಯಲ್ಲಿ 20 ಡಾಲರ್ ಕಡಿತವಾಗಿ ತಲುಪಿದ್ದು 4,980. ಭಾಗಿಸಿ. ನಿವ್ವಳ ದರ 92 ರೂಪಾಯಿ 27 ಪೈಸೆ.

ಎರಡನೆಯ ಬ್ಯಾಂಕು ಶುಲ್ಕ ಕೇಳುತ್ತದೆ. ದರ 90 ರೂಪಾಯಿ 60 ಪೈಸೆ. ಐದು ಸಾವಿರಕ್ಕೆ 4,53,000. ಕಮಿಷನ್ 1,000, ಅದರ ಜಿಎಸ್‌ಟಿ ಸೇರಿ 1,180. ಪೂರ್ತಿ ಮೊತ್ತ ತಲುಪಿಸುವುದಕ್ಕೆ 1,500, ಅದೂ ಜಿಎಸ್‌ಟಿ ಸೇರಿ 1,770. ನಾಣ್ಯ ಬದಲಿಸಿದ ಜಿಎಸ್‌ಟಿ 500. ಎಲ್ಲ ಕೂಡಿಸಿದರೆ 4,56,450 ರೂಪಾಯಿ. ತಲುಪಿದ್ದು ಪೂರ್ತಿ 5,000 ಡಾಲರ್. ನಿವ್ವಳ ದರ 91 ರೂಪಾಯಿ 29 ಪೈಸೆ.

ಡಾಲರಿಗೆ 98 ಪೈಸೆ ವ್ಯತ್ಯಾಸ. ಐದು ಸಾವಿರ ಡಾಲರಿಗೆ ಹತ್ತಿರ ಹತ್ತಿರ 4,900 ರೂಪಾಯಿ. ಶುಲ್ಕವಿಲ್ಲ ಎಂದ ಬ್ಯಾಂಕೇ ಅಷ್ಟು ದುಬಾರಿಯಾಯಿತು. ಎರಡು ವರ್ಷದ ಓದಿಗೆ 50,000 ಡಾಲರ್ ಕಳುಹಿಸುವ ಮನೆಗೆ ಇದು ಅರ್ಧ ಲಕ್ಷದ ಮಾತು. ನೆನಪಿಡುವುದು ಸುಲಭ. ಒಂದು ಡಾಲರಿಗೆ ಒಂದು ರೂಪಾಯಿ ಹೆಚ್ಚಾದರೆ, ಎಷ್ಟು ಡಾಲರ್ ಕಳುಹಿಸುತ್ತೀರೋ ಅಷ್ಟೇ ರೂಪಾಯಿ ಹೋಗುತ್ತದೆ.

ಇನ್ನು ಇದಕ್ಕೆ ತದ್ವಿರುದ್ಧವಾದ ಸಂಗತಿ. ಹಾಗಾದರೆ ಎರಡನೆಯ ಬ್ಯಾಂಕೇ ಯಾವಾಗಲೂ ಒಳ್ಳೆಯದೇ? ಅಲ್ಲ, ಕೇಳುಗರೇ. ಇಲ್ಲೇ ಬಹಳ ಮಂದಿ ಎಡವುವುದು.

ಅದೇ ಎರಡು ಬ್ಯಾಂಕು, ಅದೇ ದರ, ಅದೇ ಶುಲ್ಕ. ಕಳುಹಿಸುವುದು ಮಾತ್ರ 200 ಡಾಲರ್. ಅರ್ಜಿಯ ಶುಲ್ಕವೋ, ಪರೀಕ್ಷೆಯ ಶುಲ್ಕವೋ ಇರಬಹುದು. ಮೊದಲನೆಯ ಬ್ಯಾಂಕಿನಲ್ಲಿ ಒಟ್ಟು 18,405 ರೂಪಾಯಿ ಹೋಗುತ್ತದೆ. ದಾರಿಯಲ್ಲಿ 20 ಡಾಲರ್ ಕಡಿತವಾಗಿ 180 ತಲುಪುತ್ತದೆ. ನಿವ್ವಳ ದರ 102 ರೂಪಾಯಿ ಚಿಲ್ಲರೆ. ಎರಡನೆಯದರಲ್ಲಿ ಕಮಿಷನ್ನು, ತಲುಪಿಸುವ ಶುಲ್ಕ ಎಲ್ಲ ಸೇರಿ 21,115 ರೂಪಾಯಿ. ತಲುಪುವುದು 200 ಡಾಲರ್. ನಿವ್ವಳ ದರ 105 ರೂಪಾಯಿ 50 ಪೈಸೆಯ ಮೇಲೆ. ಈಗ ಎರಡನೆಯ ಬ್ಯಾಂಕೇ ದುಬಾರಿ.

ಕಾರಣ ಸರಳ. ಮಾರ್ಜಿನ್ ಮೊತ್ತದ ಜೊತೆ ಬೆಳೆಯುತ್ತದೆ. ನಿಗದಿತ ಶುಲ್ಕ ಬೆಳೆಯುವುದಿಲ್ಲ. ದೊಡ್ಡ ಮೊತ್ತದಲ್ಲಿ ಮಾರ್ಜಿನ್ ಕಚ್ಚುತ್ತದೆ. ಸಣ್ಣ ಮೊತ್ತದಲ್ಲಿ ಶುಲ್ಕ ಕಚ್ಚುತ್ತದೆ. ನಾನು ಹೇಳಿದ ಅಂಕಿಗಳಲ್ಲಿ ಸುಮಾರು 900 ಡಾಲರಿನ ಹತ್ತಿರ ಎರಡೂ ಬ್ಯಾಂಕು ಸಮ ಬರುತ್ತವೆ. ಅದಕ್ಕಿಂತ ಕೆಳಗೆ ಒಂದು ಅಗ್ಗ, ಮೇಲೆ ಇನ್ನೊಂದು ಅಗ್ಗ. ನಿಮ್ಮ ಊರಿನ ಬ್ಯಾಂಕುಗಳಲ್ಲಿ ಈ ಗಡಿ ಬೇರೆ ಇರುತ್ತದೆ. "ಯಾವ ಬ್ಯಾಂಕು ಅಗ್ಗ?" ಎಂದು ನೆಂಟರನ್ನು ಕೇಳಿದರೆ ಅವರು ತಮ್ಮ ಮೊತ್ತಕ್ಕೆ ಅಗ್ಗವಾದದ್ದನ್ನು ಹೇಳುತ್ತಾರೆ. ನಿಮ್ಮ ಮೊತ್ತಕ್ಕೆ ನೀವೇ ಭಾಗಿಸಿ ನೋಡಬೇಕು.

ಆ 20 ಡಾಲರ್ ಬಾಕಿಯ ಕಥೆಯನ್ನು ಇಲ್ಲೇ ಮುಗಿಸುತ್ತೇನೆ. ಕಾಲೇಜಿನಲ್ಲಿ 20 ಡಾಲರ್ ಬಾಕಿ ಇದ್ದರೂ ಬಾಕಿ ಬಾಕಿಯೇ. ಅಷ್ಟಕ್ಕೇ ಮುಂದಿನ ಸೆಮಿಸ್ಟರಿನ ನೋಂದಣಿಗೆ ತಡೆ ಹಾಕುವ ವಿಶ್ವವಿದ್ಯಾಲಯಗಳಿವೆ. ತಂದೆ ಮತ್ತೆ 20 ಡಾಲರ್ ಕಳುಹಿಸಲು ಹೊರಡುತ್ತಾರೆ. ಮೊದಲನೆಯ ಬ್ಯಾಂಕಿನಿಂದ ಕಳುಹಿಸಿದರೆ ಅಷ್ಟೂ ದಾರಿಯಲ್ಲೇ ಕಡಿತವಾಗುತ್ತದೆ. ಎರಡನೆಯದರಿಂದ ಕಳುಹಿಸಿದರೆ ಎಲ್ಲ ಸೇರಿ ಸುಮಾರು 4,800 ರೂಪಾಯಿ ಬೀಳುತ್ತದೆ. ಒಂದು ಡಾಲರಿಗೆ 240 ರೂಪಾಯಿ! ಇಂಥ ಹೊತ್ತಿನಲ್ಲಿ ಮಗಳೇ ಅಲ್ಲಿನ ತನ್ನ ಖಾತೆಯಿಂದ ಕಟ್ಟುವುದು ಜಾಣತನ. ಅದಕ್ಕಿಂತ ಜಾಣತನ, ಮೊದಲ ಸಲವೇ ಪೂರ್ತಿ ತಲುಪುವಂತೆ ಕಳುಹಿಸುವುದು.

ಅದೇ ಕಾರಣಕ್ಕೆ ಒಂದು ದೊಡ್ಡ ಮೊತ್ತವನ್ನು ತುಂಡು ಮಾಡಿ ಕಳುಹಿಸಬೇಡಿ. ಐದು ಸಾವಿರ ಡಾಲರನ್ನು ಎರಡನೆಯ ಬ್ಯಾಂಕಿನಿಂದಲೇ ಐದು ಸಲ, ಸಾವಿರ ಸಾವಿರದಂತೆ ಕಳುಹಿಸಿದರೆ ಶುಲ್ಕ ಐದು ಸಲ ಬೀಳುತ್ತದೆ. ನಿವ್ವಳ ದರ 91 ರೂಪಾಯಿ 29 ಪೈಸೆಯಿಂದ 93 ರೂಪಾಯಿ 70 ಪೈಸೆಗೆ ಏರುತ್ತದೆ. ದರ ಇಳಿಯಬಹುದು ಎಂದು ಕಾದು ಕಾದು ಸ್ವಲ್ಪ ಸ್ವಲ್ಪವೇ ಕಳುಹಿಸುವ ತಂದೆತಾಯಂದಿರನ್ನು ನಾನು ಕಂಡಿದ್ದೇನೆ. ಪೇಟೆ ದಿನಕ್ಕೆ ಹತ್ತಿಪ್ಪತ್ತು ಪೈಸೆ ಆಚೀಚೆ ಆಗುವುದನ್ನು ಅವರು ಬಹಳ ಆತಂಕದಿಂದ ನೋಡುತ್ತಿರುತ್ತಾರೆ. ಅದು ನಮ್ಮ ಕೈಯಲ್ಲಿಲ್ಲ. ನಾಳೆ ಇಳಿದೀತೋ ಏರೀತೋ ಹೇಳಬಲ್ಲವರು ಯಾರೂ ಇಲ್ಲ. ಆದರೆ ಬ್ಯಾಂಕಿನ 1 ರೂಪಾಯಿ 80 ಪೈಸೆ ಮಾರ್ಜಿನ್ ಇವತ್ತೇ, ಖಚಿತವಾಗಿ ಹೋಗುವ ಹಣ. ಅದನ್ನು ಮಾತ್ರ ಕೇಳದೆ ಬಿಡುತ್ತಾರೆ.

ಮಾರ್ಜಿನ್ ಕೇಳುವ ವಿಷಯಕ್ಕೇ ಬಂದೆ. ಅದಕ್ಕೆ ಮುಂಚೆ ಹಿಂದಿನದನ್ನು ಒಮ್ಮೆ ನೆನಪಿಸಿಕೊಳ್ಳಿ. ನಿವ್ವಳ ದರ ಎಂದರೆ ಹೋದ ರೂಪಾಯಿ ಭಾಗಿಸು ತಲುಪಿದ ಡಾಲರ್. ಸಣ್ಣ ಮೊತ್ತದಲ್ಲಿ ಶುಲ್ಕ ನೋಡಿ. ದೊಡ್ಡ ಮೊತ್ತದಲ್ಲಿ ಮಾರ್ಜಿನ್ ನೋಡಿ.

ಬೆಳಗಿನ ಕಾರ್ಡ್ ರೇಟ್ ಎಲ್ಲರಿಗೂ ಹಾಕಿದ ದರ. ದಿನವಿಡೀ ಪೇಟೆ ಏರಿಳಿದರೂ ಬ್ಯಾಂಕಿಗೆ ನಷ್ಟವಾಗಬಾರದು ಎಂದು ಅದರಲ್ಲಿ ಮಾರ್ಜಿನ್ ಅಗಲವಾಗಿಯೇ ಇರುತ್ತದೆ. ಮೊತ್ತ ದೊಡ್ಡದಾದರೆ ಶಾಖೆಯವರು ಮುಖ್ಯ ಕಚೇರಿಯ ಟ್ರೆಷರಿಗೆ ಫೋನ್ ಮಾಡಿ ಆ ಗಳಿಗೆಯ ದರ ಕೇಳಬಹುದು. ಎಷ್ಟು ಡಾಲರಿನ ಮೇಲೆ ಹೀಗೆ ಕೇಳಬಹುದು ಎಂಬುದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಆದರೆ ಗ್ರಾಹಕರು ಕೇಳದೆ ಶಾಖೆಯವರು ತಾವಾಗಿಯೇ ಫೋನ್ ಮಾಡುವುದು ಅಪರೂಪ. ವ್ಯಾಪಾರಸ್ಥರು ದಿನಾ ಕೇಳುತ್ತಾರೆ, ಅವರಿಗೆ ಸಿಗುತ್ತದೆ. ಮಕ್ಕಳ ಶುಲ್ಕ ಕಟ್ಟಲು ಬಂದ ಮೇಷ್ಟ್ರು, ರೈತರು ಸಂಕೋಚಪಟ್ಟು ಸುಮ್ಮನಿರುತ್ತಾರೆ. ದಯವಿಟ್ಟು ಸುಮ್ಮನಿರಬೇಡಿ. "ಸಾರ್, ಈಗ ಪೇಟೆಯ ದರ ಇಷ್ಟಿದೆ. ನೀವು ಅದರ ಮೇಲೆ ಎಷ್ಟು ಪೈಸೆ ಹಾಕುತ್ತೀರಿ? ಟ್ರೆಷರಿಗೆ ಕೇಳಿ ಹೇಳಿ" ಎಂದು ನೇರವಾಗಿ ಕೇಳಿ. ಪೈಸೆಯ ಭಾಷೆಯಲ್ಲಿ ಕೇಳಿದರೆ ಪೈಸೆಯ ಭಾಷೆಯಲ್ಲೇ ಉತ್ತರ ಬರುತ್ತದೆ. ಮಾರ್ಜಿನ್ ಒಂದು ರೂಪಾಯಿ ಕಡಿಮೆಯಾದರೆ ಐದು ಸಾವಿರ ಡಾಲರಿಗೆ ಐದು ಸಾವಿರ ರೂಪಾಯಿ ಉಳಿಯಿತು. ಇನ್ನೊಂದು ದಾರಿಯೂ ಇದೆ. 2019ರ ಆಗಸ್ಟ್‌ನಿಂದ ಕ್ಲಿಯರಿಂಗ್ ಕಾರ್ಪೊರೇಷನ್ ನಡೆಸುವ ಎಫ್‌ಎಕ್ಸ್ ರೀಟೇಲ್ ಎಂಬ ವೇದಿಕೆಯಲ್ಲಿ ಸಾಮಾನ್ಯ ಗ್ರಾಹಕರೂ ಪೇಟೆಗೆ ಹತ್ತಿರದ ದರಕ್ಕೆ ಡಾಲರ್ ಕೊಳ್ಳಬಹುದು. ನಿಮ್ಮ ಬ್ಯಾಂಕಿನ ಮೂಲಕವೇ ನೋಂದಾಯಿಸಬೇಕು. ಬ್ಯಾಂಕು ಮೊದಲೇ ಒಪ್ಪಿದ ಶುಲ್ಕವನ್ನು ಬೇರೆಯಾಗಿ ತೆಗೆದುಕೊಳ್ಳುತ್ತದೆ. ಮಾರ್ಜಿನ್ ಬೇರೆ, ದರ ಬೇರೆ ಎಂದು ಕಣ್ಣಿಗೆ ಕಾಣುವುದೇ ಅದರ ಲಾಭ.

ಎರಡು ಬ್ಯಾಂಕುಗಳ ದರ ಹೋಲಿಸುವಾಗ ಒಂದೇ ಹೊತ್ತಿನ ದರ ಹೋಲಿಸಿ. ಒಂದರದು ಬೆಳಿಗ್ಗೆ ಹತ್ತಕ್ಕೆ, ಇನ್ನೊಂದರದು ಮಧ್ಯಾಹ್ನ ಮೂರಕ್ಕೆ ಕೇಳಿದರೆ ನೀವು ಅಳೆದದ್ದು ಬ್ಯಾಂಕನ್ನಲ್ಲ, ಪೇಟೆಯ ಏರಿಳಿತವನ್ನು.

ಶಿಕ್ಷಣ ಸಾಲ ಪಡೆದವರಿಗೆ ಒಂದು ವಿಶೇಷ ಮಾತಿದೆ. ಸಾಲ ಕೊಟ್ಟ ಬ್ಯಾಂಕೇ ನೇರವಾಗಿ ವಿಶ್ವವಿದ್ಯಾಲಯಕ್ಕೆ ಹಣ ಕಳುಹಿಸುತ್ತದೆ. ಯಾವ ದರಕ್ಕೆ ಕಳುಹಿಸಿತು ಎಂದು ಯಾರೂ ಕೇಳುವುದಿಲ್ಲ. ಬಡ್ಡಿಯ ದರಕ್ಕಾಗಿ ಕಾಲು ಪರ್ಸೆಂಟಿಗೂ ಚರ್ಚೆ ಮಾಡಿದವರೇ ಇಲ್ಲಿ ಎರಡು ಪರ್ಸೆಂಟ್ ಬಿಟ್ಟುಬಿಡುತ್ತಾರೆ. 20 ಲಕ್ಷದ ಮೇಲೆ ಎರಡು ಪರ್ಸೆಂಟ್ ಎಂದರೆ 40,000 ರೂಪಾಯಿ. ಅದು ನಿಮ್ಮ ಸಾಲಕ್ಕೇ ಸೇರುತ್ತದೆ. ಅದರ ಮೇಲೆ ವರ್ಷಗಟ್ಟಲೆ ಬಡ್ಡಿ ಕಟ್ಟುತ್ತೀರಿ. ಹಾಗಾಗಿ ಸಾಲದ ಪತ್ರಕ್ಕೆ ಸಹಿ ಹಾಕುವ ಮುಂಚೆಯೇ ಕೇಳಿ. ಹಣ ಕಳುಹಿಸುವಾಗ ದರ ಯಾವುದು, ಕಾರ್ಡ್ ರೇಟೋ ಟ್ರೆಷರಿ ರೇಟೋ, ಬೇರೆ ಬ್ಯಾಂಕಿನ ಮೂಲಕ ಕಳುಹಿಸಲು ಅವಕಾಶ ಇದೆಯೋ ಎಂದು. ಸಹಿ ಆದ ಮೇಲೆ ಕೇಳುವ ಬಲ ನಿಮಗೆ ಕಡಿಮೆ.

ಇನ್ನು ಟಿಸಿಎಸ್ ಬಗ್ಗೆ ಚುಟುಕಾಗಿ. ಉದಾರೀಕೃತ ರವಾನೆ ಯೋಜನೆಯಡಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್ ವರೆಗೆ ಹೊರಗೆ ಕಳುಹಿಸಬಹುದು. ಅದರಲ್ಲಿ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಭಾಗದ ಮೇಲೆ ಬ್ಯಾಂಕು ಟಿಸಿಎಸ್ ಹಿಡಿಯುತ್ತದೆ. 2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 7 ಲಕ್ಷ ಇತ್ತು. ಬ್ಯಾಂಕಿನ ಶಿಕ್ಷಣ ಸಾಲದ ಹಣಕ್ಕೆ ಇದು ಈಗ ಇಲ್ಲ. ಓದಿಗೆ ಮತ್ತು ಚಿಕಿತ್ಸೆಗೆ ಕಡಿಮೆ ದರ, ಬೇರೆ ಕಾರಣಗಳಿಗೆ ಹೆಚ್ಚಿನ ದರ. ಹಾಗಾಗಿ ಎ2 ಫಾರಂನಲ್ಲಿ ಕಾರಣ ಬರೆಯುವಾಗ ಎಚ್ಚರ ಇರಲಿ. ಓದಿನ ಖರ್ಚನ್ನು ಕುಟುಂಬದ ನಿರ್ವಹಣೆ ಎಂದು ಬರೆದರೆ ಕೈಯಿಂದ ಹೆಚ್ಚು ಹಣ ಹೋಗುತ್ತದೆ. ಆದರೆ ಟಿಸಿಎಸ್ ಖರ್ಚಲ್ಲ. ಅದು ನಿಮ್ಮ ಪ್ಯಾನ್ ಹೆಸರಿಗೆ ಜಮೆಯಾಗಿರುತ್ತದೆ. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಉಳಿದರೆ ವಾಪಸು ಪಡೆಯಬಹುದು. ಆದ್ದರಿಂದ ನಿವ್ವಳ ದರದ ಲೆಕ್ಕ ಹಾಕುವಾಗ ಖಾತೆಯಿಂದ ಹೋದ ಮೊತ್ತದಲ್ಲಿ ಟಿಸಿಎಸ್ ಕಳೆದು ಆಮೇಲೆ ಭಾಗಿಸಿ. ಇಲ್ಲದಿದ್ದರೆ ಒಳ್ಳೆಯ ದರ ಕೊಟ್ಟ ಬ್ಯಾಂಕೂ ಕೆಟ್ಟದಾಗಿ ಕಾಣುತ್ತದೆ.

ಮಕ್ಕಳು ಜರ್ಮನಿಯಲ್ಲೋ ಐರ್ಲೆಂಡಿನಲ್ಲೋ ಇದ್ದರೆ ಇನ್ನೊಂದು ಹಳ್ಳ ಇದೆ. ಅಲ್ಲಿನ ಖಾತೆ ಯೂರೋದಲ್ಲಿರುತ್ತದೆ. ಇಲ್ಲಿಂದ ಡಾಲರಿನಲ್ಲಿ ಕಳುಹಿಸಿದರೆ ಹಣ ಎರಡು ಸಲ ಬದಲಾಗುತ್ತದೆ. ಇಲ್ಲಿ ರೂಪಾಯಿಯಿಂದ ಡಾಲರ್, ಅಲ್ಲಿ ಡಾಲರಿನಿಂದ ಯೂರೋ. ಎರಡು ಕಡೆಯೂ ಮಾರ್ಜಿನ್. ಎರಡನೆಯ ಮಾರ್ಜಿನ್ ನಮ್ಮ ಯಾವ ರಸೀದಿಯಲ್ಲೂ ಕಾಣುವುದಿಲ್ಲ. ಅರ್ಜಿಯಲ್ಲಿ ನಾಣ್ಯ ಯಾವುದು ಎಂಬಲ್ಲಿ ಯೂರೋ ಎಂದೇ ಬರೆಯಿರಿ. ಪೇಟೆಯ ದರ ಹೋಲಿಸುವಾಗಲೂ ಯೂರೋದ್ದೇ ನೋಡಿ.

ಕರಾವಳಿಯ ಕೇಳುಗರು ಕೇಳಬಹುದು. "ನಮ್ಮಲ್ಲಿ ಹಣ ಹೋಗುವುದಲ್ಲ, ದುಬೈನಿಂದ ಬರುವುದು" ಎಂದು. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳಿಗೆ ಅದು ನಿಜ. ಅಲ್ಲಿಂದ ಕಳುಹಿಸುವವರಿಗೂ ಲೆಕ್ಕ ಇದೇ, ತಿರುಗುಮುರುಗಾಗಿ. ಮನೆಗೆ ತಲುಪಿದ ರೂಪಾಯಿಯನ್ನು ಕೈಯಿಂದ ಕೊಟ್ಟ ದಿರ್ಹಮ್‌ನಿಂದ ಭಾಗಿಸಬೇಕು. ಇಲ್ಲಿ ಹೆಚ್ಚು ಬಂದರೆ ಒಳ್ಳೆಯದು. ದಿರ್ಹಮ್‌ಗೆ ಒಂದು ಅನುಕೂಲವಿದೆ. 1997ರಿಂದ ಒಂದು ಡಾಲರಿಗೆ ಮೂರು ದಿರ್ಹಮ್ ಅರವತ್ತೇಳು ಫಿಲ್ಸ್ ಎಂದು ಅದು ಕಟ್ಟಿಹಾಕಲ್ಪಟ್ಟಿದೆ. ಡಾಲರ್ 90 ರೂಪಾಯಿ ಇದ್ದರೆ ದಿರ್ಹಮ್ 24 ರೂಪಾಯಿ 50 ಪೈಸೆ. ಒಂದು ಎಕ್ಸ್‌ಚೇಂಜ್‌ನವರು 24 ರೂಪಾಯಿ 25 ಪೈಸೆ ದರ ಕೊಟ್ಟು 20 ದಿರ್ಹಮ್ ಶುಲ್ಕ ತೆಗೆದುಕೊಂಡರು ಎನ್ನಿ. ಇನ್ನೊಬ್ಬರು ಶುಲ್ಕವಿಲ್ಲದೆ 23 ರೂಪಾಯಿ 95 ಪೈಸೆ ಕೊಟ್ಟರು. ಶುಲ್ಕವೂ ಸೇರಿ ಸಾವಿರ ದಿರ್ಹಮ್ ಕೊಡುವವನಿಗೆ ಎರಡನೆಯವರೇ ಲಾಭ. ಐದು ಸಾವಿರ ಕೊಡುವವನಿಗೆ ಮೊದಲನೆಯವರು ಲಾಭ. ತಿಂಗಳು ತಿಂಗಳು ಕಳುಹಿಸುವ ಹುಡುಗರಿಗೆ ಇದನ್ನು ಫೋನಿನಲ್ಲಿ ತಿಳಿಸಿ.

ಕೊನೆಗೆ, ಹಣ ಕಳುಹಿಸಿದ ಮೇಲಿನ ಕೆಲಸ. ಕಳುಹಿಸಿದ ಮಾತ್ರಕ್ಕೆ ನಮ್ಮ ಹೊಣೆ ಮುಗಿಯುವುದಿಲ್ಲ. ಬ್ಯಾಂಕಿನಿಂದ ಸ್ವಿಫ್ಟ್ ಸಂದೇಶದ ಪ್ರತಿ ಕೇಳಿ ಪಡೆಯಿರಿ. ಅದರಲ್ಲಿ ಕಳುಹಿಸಿದ ಮೊತ್ತ, ಖರ್ಚು ಯಾರದು ಎಂಬ ಗುರುತು, UETR ಎಂಬ ಉದ್ದನೆಯ ಸಂಖ್ಯೆ ಇರುತ್ತವೆ. ಮಗ, ಮಗಳಿಗೆ ಆ ಪ್ರತಿ ಕಳುಹಿಸಿ. ಅಲ್ಲಿ ಎಷ್ಟು ಜಮೆಯಾಯಿತು ಎಂದು ಕೇಳಿ ಬರೆದುಕೊಳ್ಳಿ. OUR ಎಂದು ಗುರುತು ಹಾಕಿ, ಅದಕ್ಕೆ ಹಣ ಕೊಟ್ಟ ಮೇಲೂ ಮೊತ್ತ ಕಡಿಮೆ ತಲುಪಿದ್ದರೆ ಈ ಸಂಖ್ಯೆ ಹಿಡಿದು ಶಾಖೆಗೆ ಹೋಗಿ. ಯಾವ ಬ್ಯಾಂಕಿನಲ್ಲಿ, ಯಾವ ದಿನ, ಎಷ್ಟು ಕಡಿತವಾಯಿತು ಎಂದು ಅವರು ಹುಡುಕಿ ಹೇಳಬಲ್ಲರು. ಖಾತರಿ ಕೊಟ್ಟಿದ್ದರೆ ಬಾಕಿ ಮೊತ್ತವನ್ನು ಅವರೇ ತುಂಬಿಕೊಡಬೇಕು ಎಂದು ಲಿಖಿತವಾಗಿ ಕೇಳಿ. ಬಾಯಿಮಾತಿನಲ್ಲಿ ಕೇಳಿದರೆ ಅದಕ್ಕೆ ಲೆಕ್ಕವಿರುವುದಿಲ್ಲ.